ಉಕಿ ತಾನಾಗಿಯೇ ಒಳಗೆ ಹೋಗಬೇಕು

ಭಾವ ಬೆಕ್ಕಿನ ಪೆಟ್ಟಿಗೆಯನ್ನು ಎತ್ತಿ ಅಲ್ಲಾಡಿಸಿದ ದಿನದಿಂದ ನನ್ನ ಹೊಟ್ಟೆಯೊಳಗಿನ ಕೆಂಡ ಆರಿಲ್ಲ. ಆರಬೇಕೆಂದು ನನಗೇನೂ ಆಸೆಯಿಲ್ಲ.

ಉಕಿ ಎಂದರೆ ನಮ್ಮಲ್ಲಿ ಗೂಬೆ. ಬೂದು ಬಣ್ಣದ ಹೆಣ್ಣು ಬೆಕ್ಕು, ಐದು ವರ್ಷ, ಮುಖದ ತುಂಬ ಬರೀ ಕಣ್ಣು. ಅದಕ್ಕೇ ಆ ಹೆಸರಿಟ್ಟಿದ್ದೆ. ಮದುವೆಯಾಗಿ ಶಿಮ್ಕೆಂತಿನ ಈ ಐದನೇ ಅಂತಸ್ತಿನ ಮನೆಗೆ ಬರುವಾಗ ತವರಿನಿಂದ ನಾನು ತಂದದ್ದು ಎರಡು ಹಾಸಿಗೆ, ಒಂದು ಕಂಬಳಿ, ಮತ್ತು ಅವಳು. ಗಂಡ ಎರ್ನಾರ್ ಪಶ್ಚಿಮದ ಎಣ್ಣೆ ಬಾವಿಗಳಲ್ಲಿ ಕೆಲಸ ಮಾಡುತ್ತಾನೆ, ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ. ಅವನಿಲ್ಲದ ತಿಂಗಳಲ್ಲಿ ಮನೆಯಲ್ಲಿ ನಾನು, ಅತ್ತೆ, ಉಕಿ. ಭಾನುವಾರಗಳಲ್ಲಿ ಅತ್ತೆಯ ಹಿರಿಯ ಮಗ. ಅವನ ಹೆಸರು ಸಯಾತ್. ಬರೆಯುವಾಗ ಬರೆಯುತ್ತೇನೆ, ಬಾಯಲ್ಲಿ ಹೇಳುವ ಹಾಗಿಲ್ಲ. ಗಂಡನ ಕಡೆಯ ಹಿರಿಯರ ಹೆಸರು ಹಿಡಿದು ಕರೆಯುವ ಕೆಲಿನ್, ಅಂದರೆ ಸೊಸೆ, ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಅತ್ತೆ ಮನೆಯಲ್ಲಿ ಎಲ್ಲರಿಗೂ ಅಪಾ, ಅಂದರೆ ಅಮ್ಮ. ನಾನು ಅವನನ್ನು ಮಿರ್ಜಾ ಅಘಾ, ಅಂದರೆ ದೊಡ್ಡ ಮನುಷ್ಯ ಅಣ್ಣ, ಎಂದು ಕರೆಯುತ್ತೇನೆ. ಹೆಸರಿಗೂ ಮನುಷ್ಯನಿಗೂ ಎಷ್ಟು ದೂರವೋ ದೇವರೇ ಬಲ್ಲ.

ಫೆಬ್ರುವರಿಯಲ್ಲಿ ಉಕಿಯನ್ನು ಲಸಿಕೆಗೆ ಕರೆದೊಯ್ಯಬೇಕಿತ್ತು. ಕಂಬಳಿ ಹೊದಿಸಿ ಹಿಡಿದು ಪೆಟ್ಟಿಗೆಗೆ ತುರುಕಿದೆ. ನನ್ನ ಮೊಣಕೈಯಿಂದ ಮಣಿಕಟ್ಟಿನವರೆಗೆ ಉಗುರಿನ ಗೆರೆಗಳು ಬಿದ್ದವು. ಆಸ್ಪತ್ರೆ ತಲುಪುವಷ್ಟರಲ್ಲಿ ಅವಳು ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದಳು. ಪಶುವೈದ್ಯ ಎದೆಗೆ ಕೊಳವೆ ಇಟ್ಟು ತುಂಬ ಹೊತ್ತು ಕೇಳಿದ. ಸೂಜಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ.

"ಎದೇಲಿ ಬೇರೆ ಸದ್ದಿದೆ. ಹೃದಯದ ಗೋಡೆ ದಪ್ಪ ಆಗಿರ್ಬಹುದು. ಏಪ್ರಿಲ್ ಮೂರಕ್ಕೆ ಅಲ್ಮಾಟಿಯಿಂದ ಹೃದಯದ ಡಾಕ್ಟ್ರು ಬರ್ತಾರೆ, ಸ್ಕ್ಯಾನ್ ಮಾಡ್ತಾರೆ. ಆದ್ರೆ ಹೀಗೆ ತರೋದಾದ್ರೆ ತರ್ಬೇಡಿ. ಇನ್ನೊಂದ್ಸಲ ಹೀಗೆ ಹೆದರಿದ್ರೆ ದಾರೀಲೇ ಹೋಗ್ಬಿಡುತ್ತೆ. ಏನೂ ಗೊತ್ತಿಲ್ದೆ ನಿದ್ದೆ ಔಷಧಿ ಕೊಡೋಕೂ ನನಗೆ ಧೈರ್ಯ ಇಲ್ಲ."

"ಮತ್ತೆ ಹೇಗೆ ತರೋದು?"

"ತಾನಾಗೇ ಪೆಟ್ಟಿಗೆ ಒಳಗೆ ಹೋಗ್ಬೇಕು," ಎಂದ, ಏನೋ ಸುಲಭದ ಮಾತು ಹೇಳಿದ ಹಾಗೆ.

ದಾರಿ ತೋರಿಸಿದ್ದು ಅಲ್ಲಿನ ಸಹಾಯಕಿ ಗಲೀನಾ. ಹೆಬ್ಬೆರಳಿನಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿಯೊಂದನ್ನು ನನ್ನ ಕೈಗಿಟ್ಟಳು. ಒಳಗೆ ತಗಡಿನ ನಾಲಿಗೆ. ಒತ್ತಿದರೆ ಟಿಕ್ ಎನ್ನುತ್ತದೆ. ಕ್ಲಿಕ್ಕರ್. "ಇದು ಕರೆಯೋ ಗಂಟೆ ಅಲ್ಲ," ಎಂದು ಬೆರಳೆತ್ತಿ ಹೇಳಿದಳು. "ಇದು ಮಾತು ಕೊಟ್ಟ ಹಾಗೆ. ಟಿಕ್ ಅಂದ್ರೆ, ನೀನೀಗ ಮಾಡಿದ್ಯಲ್ಲ, ಅದು ಸರಿ, ತಗೋ ತಿಂಡಿ. ಪ್ರತಿ ಟಿಕ್‌ಗೂ ಒಂದು ತುಂಡು. ತಪ್ಪಿ ಒತ್ತಿದ್ರೂ ಕೊಡ್ಲೇಬೇಕು. ಮಾತು ತಪ್ಪಿದ್ರೆ ಮುಗೀತು. ಬೆಕ್ಕು ಕೋರ್ಟಿಗೆ ಹೋಗಲ್ಲ, ಮಂಚದ ಕೆಳಗೆ ಹೋಗುತ್ತೆ."

ನನ್ನನ್ನು ಸಾಕಿದ್ದು ಅಜ್ಜಿ. ಅವಳ ಕಥೆಗಳಲ್ಲಿ ಒಬ್ಬ ಖಾನ್ ಇದ್ದ. ಏಳು ಕೋಟೆ ಗೆದ್ದವನು, ತನ್ನ ಬೆಕ್ಕನ್ನು ಮಾತ್ರ ಹೊಸ್ತಿಲು ದಾಟಿಸಲಾರದೆ ಸೋತವನು. ಎಳೆದರೆ ಉಗುರು, ಬೈದರೆ ಬೆನ್ನು. ಕೊನೆಗೆ ಕಿರೀಟ ತೆಗೆದಿಟ್ಟು ನೆಲದ ಮೇಲೆ ಮಲಗಿದನಂತೆ; ಆಗ ಬೆಕ್ಕು ಬಂದು ಅವನ ಎದೆಯ ಮೇಲೆ ಕೂತಿತಂತೆ. ಕ್ಲಿಕ್ಕರ್ ಹಿಡಿದು ಮನೆಗೆ ಬರುವಾಗ ಬಸ್ಸಿನಲ್ಲಿ ಆ ಖಾನನನ್ನೇ ನೆನೆಯುತ್ತ ನನ್ನ ನಿಲ್ದಾಣ ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ಕುದುರೆ ಮಾಂಸದ ಕೊಬ್ಬಿಲ್ಲದ ಭಾಗವನ್ನು ಉಪ್ಪು ಹಾಕದೆ ಬೇಯಿಸಿ ಬಟಾಣಿ ಕಾಳಿನಷ್ಟು ಚಿಕ್ಕದಾಗಿ ಹೆಚ್ಚಿದೆ. ಸದ್ದು ಜೋರೆನಿಸಿತು, ಡಬ್ಬಿಯನ್ನು ಕಾಲುಚೀಲದಲ್ಲಿ ಸುತ್ತಿದೆ. ಮೊದಲ ದಿನ ಏನನ್ನೂ ಕೇಳಲಿಲ್ಲ. ಟಿಕ್, ತುಂಡು. ಟಿಕ್, ತುಂಡು. ಹತ್ತು ಸಲ, ಅಷ್ಟೇ. ಮೂರನೇ ದಿನ ಟಿಕ್ ಎಂದೊಡನೆ ಉಕಿ ನನ್ನ ಕೈಯನ್ನು ಹುಡುಕತೊಡಗಿದಳು. ಆಮೇಲೆ ತುಂಡನ್ನು ಅವಳ ಮೂಗಿನ ಮುಂದಿನಿಂದ ತಲೆಯ ಮೇಲಕ್ಕೆ ಒಯ್ದೆ; ಮುಖ ಮೇಲೆತ್ತಿದಂತೆ ಹಿಂಭಾಗ ನೆಲಕ್ಕಿಳಿಯಿತು. ತಳ ಊರಿದ ಗಳಿಗೆಗೇ ಟಿಕ್. ಒಂದು ವಾರದಲ್ಲಿ "ಕೂತ್ಕೋ" ಎಂದರೆ ಕೂರುತ್ತಿದ್ದಳು. ಕರೆದರೆ ಬರುವುದನ್ನು ಎರಡು ಹೆಜ್ಜೆಯಿಂದ ಶುರುಮಾಡಿದೆ, ಆಮೇಲೆ ಕೋಣೆಯ ಆಚೆಯಿಂದ, ಆಮೇಲೆ ಅಡುಗೆಮನೆಯಿಂದ. "ಉಕಿ, ಬಾ" ಎಂದು ಒಂದೇ ಸಲ ಕರೆಯುವುದು. ಬಂದರೆ ಟಿಕ್, ತುಂಡು. ಬರದಿದ್ದರೆ ಸುಮ್ಮನಿರುವುದು. ಉಗುರು ಕತ್ತರಿಸಲು, ಕಿವಿ ತೊಳೆಯಲು ಅವಳನ್ನು ಎಂದೂ ಆ ಮಾತಿನಿಂದ ಕರೆಯಲಿಲ್ಲ. ಕರೆದಲ್ಲಿ ಕೇಡಿರಬಾರದು.

ಪೆಟ್ಟಿಗೆಯ ಮುಚ್ಚಳ ಕಳಚಿ ತಳವನ್ನಷ್ಟೇ ಕೋಣೆಯ ನಡುವೆ ಇಟ್ಟೆ. ಅದರ ಕಡೆ ನೋಡಿದರೆ ಟಿಕ್. ಮೂಸಿದರೆ ಟಿಕ್. ಒಂದು ಕಾಲಿಟ್ಟರೆ ಟಿಕ್. ನಾಲ್ಕೂ ಕಾಲು ಒಳಗಿಟ್ಟ ದಿನ ನಾನು ಎರ್ನಾರನಿಗೆ ಫೋನು ಮಾಡಿ ಅತ್ತುಬಿಟ್ಟೆ. ಆಮೇಲೆ ಮುಚ್ಚಳ ಹಾಕಿದ್ದು, ಆಮೇಲೆ ಬಾಗಿಲು ಸಿಕ್ಕಿಸಿದ್ದು, ಆಮೇಲೆ ಅರೆ ಕ್ಷಣ ಮುಚ್ಚಿ ತೆರೆದದ್ದು. ಸಲಕ್ಕೆ ಎರಡೇ ನಿಮಿಷ, ದಿನಕ್ಕೆ ಮೂರು ಸಲ, ಊಟಕ್ಕೆ ಮೊದಲು.

ಊಟಕ್ಕೆ ಮೊದಲು ಎನ್ನುವುದೇ ಅತ್ತೆಗೆ ಆಗುತ್ತಿರಲಿಲ್ಲ.

"ತಿನ್ನೋ ಬಾಯಿಗೆ ಕೆಲಸ ಹೇಳ್ತೀಯಾ? ನಮ್ಮ ಮನೇಲಿ ಬಂದೋರಿಗೆ ಮೊದ್ಲು ಊಟ, ಆಮೇಲೆ ಯಾಕೆ ಬಂದೆ ಅಂತ ಕೇಳೋದು," ಎನ್ನುತ್ತ ನನ್ನ ಕಣ್ಣ ಮುಂದೆಯೇ ಕೊಬ್ಬಿನ ಚೂರನ್ನು ನೆಲಕ್ಕೆ ಹಾಕುತ್ತಿದ್ದರು.

"ಅಪಾ, ಹೊಟ್ಟೆ ತುಂಬಿದ್ರೆ ಕಲಿಯಲ್ಲ. ಅದ್ರಲ್ಲಿ ಉಪ್ಪೂ ಇದೆ. ಅವಳ ಹೃದಯ..."

"ನನಗೂ ಹೃದಯ ಇದೆ. ಉಪ್ಪು ತಿಂದೇ ಅರವತ್ತೆಂಟಾಯ್ತು."

ಭಾವನ ಹಾಡು ಇನ್ನೊಂದು. ಅವನ ತಾತ ಹದ್ದು ಪಳಗಿಸಿದವನಂತೆ. ಈ ಭಾವ ಪಳಗಿಸಿದ್ದು ಟೈರ್ ಅಂಗಡಿಯ ಕುರ್ಚಿಯನ್ನು ಮಾತ್ರ. ಆದರೂ ಸೋಫಾದಲ್ಲಿ ಹರಡಿಕೊಂಡು ಉಪದೇಶ.

"ಕೆಲಿನ್, ನೀನು ಅದನ್ನ ಬೇಡ್ಕೋತಾ ಇದ್ದೀಯ. ತಾತ ಹದ್ದನ್ನ ಹೇಗೆ ಪಳಗಿಸ್ತಿದ್ದ ಗೊತ್ತಾ? ಕಣ್ಣಿಗೆ ಟೊಪ್ಪಿ, ಮೂರು ದಿನ ಉಪವಾಸ. ನಾಲ್ಕನೇ ದಿನ ಕೈ ಮೇಲೆ ಬಂದು ಕೂರುತ್ತೆ."

"ಮಿರ್ಜಾ ಅಘಾ, ಇದು ಹದ್ದಲ್ಲ. ಬೆಕ್ಕು ಎರಡು ದಿನ ತಿನ್ನದಿದ್ರೆ ಲಿವರ್ ಕೆಡುತ್ತೆ."

"ಓಹೋ, ಡಾಕ್ಟ್ರಮ್ಮ!" ಅವನು ಅತ್ತೆಯ ಕಡೆ ತಿರುಗಿ ನಗುತ್ತಿದ್ದ. ಅತ್ತೆಯೂ ನಗುತ್ತಿದ್ದರು. ನಾನು ಚಹಾ ಸುರಿಯುತ್ತಿದ್ದೆ.

ಹೊಸ ವರ್ಷದ ನೌರೂಜ್ ಹಬ್ಬದ ಮಧ್ಯಾಹ್ನ ಅತ್ತೆಯ ಕಡೆಯ ಹನ್ನೊಂದು ಜನ ಬಂದಿದ್ದರು. ಏಪ್ರಿಲ್ ಮೂರಕ್ಕೆ ಹನ್ನೆರಡು ದಿನ ಉಳಿದಿತ್ತು. ಉಕಿ ಅಷ್ಟು ಹೊತ್ತಿಗೆ ಪೆಟ್ಟಿಗೆಗೆ ತಾನೇ ಹೋಗಿ, ಬಾಗಿಲು ಮುಚ್ಚಿದ ಮೇಲೂ ಹತ್ತು ಎಣಿಸುವವರೆಗೆ ನೆಮ್ಮದಿಯಾಗಿ ಕೂರುತ್ತಿದ್ದಳು. ಇನ್ನು ಎತ್ತುವುದು, ಮೆಟ್ಟಿಲು, ಕಾರು ಬಾಕಿ. ಜನ ಬರುವ ಮೊದಲೇ ನಾನು ಅವಳನ್ನು ನನ್ನ ಕೋಣೆಗೆ ಬಿಟ್ಟು ಬಾಗಿಲು ಹಾಕಿದ್ದೆ. ಪೆಟ್ಟಿಗೆಯೂ ಅಲ್ಲೇ, ಕಿಟಕಿಯ ಕಟ್ಟೆಯ ಮೇಲೆ ಕ್ಲಿಕ್ಕರ್.

ಅಡುಗೆಮನೆಯಲ್ಲಿ ದೊಡ್ಡ ತಟ್ಟೆಗೆ ಮಾಂಸ ಹಂಚುತ್ತಿದ್ದೆ. ಹೊರಗಿನಿಂದ ಟಿಕ್ ಕೇಳಿಸಿತು.

ಟಿಕ್. ಟಿಕ್. ಟಿಕ್ ಟಿಕ್ ಟಿಕ್.

ಜೊತೆಗೆ ನಗು. ಎಣ್ಣೆ ಕೈಯಲ್ಲೇ ಓಡಿದೆ. ನನ್ನ ಕೋಣೆಯ ಬಾಗಿಲು ತೆರೆದಿತ್ತು. ನಡುಮನೆಯಲ್ಲಿ ಭಾವ ಮಂಡಿಯೂರಿ ಕೂತಿದ್ದ. ಕೈಯಲ್ಲಿ ನನ್ನ ಕ್ಲಿಕ್ಕರ್, ಪಕ್ಕದಲ್ಲಿ ಪೆಟ್ಟಿಗೆ. ಉಕಿ ಅವನೆದುರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ನಾನು ಕಲಿಸಿದ ಹಾಗೆ, ಪಾಪ, ಎಷ್ಟು ಚೆಂದ ಕೂತಿದ್ದಳು! ಎರಡು ಫೋನುಗಳು ಅವಳ ವಿಡಿಯೋ ಹಿಡಿಯುತ್ತಿದ್ದವು. ಅವನ ಕೈಯಲ್ಲಿ ಒಂದು ತುಂಡೂ ಇರಲಿಲ್ಲ. ಟಿಕ್ ಎನ್ನುತ್ತಿದ್ದ, ಅವಳು ಅವನ ಬೆರಳು ನೋಡುತ್ತಿದ್ದಳು, ಬೆರಳು ಖಾಲಿ. ಮತ್ತೆ ಟಿಕ್. ಮತ್ತೆ ಖಾಲಿ. ಕೂತದ್ದು ಸಾಲದೇನೋ ಎಂದುಕೊಂಡವಳಂತೆ ಅವಳು ಎದ್ದು, ತನಗೆ ಗೊತ್ತಿದ್ದ ಎಲ್ಲಕ್ಕಿಂತ ದೊಡ್ಡ ವಿದ್ಯೆಯನ್ನು ತೋರಿಸಲು ಹೊರಟಳು. ಪೆಟ್ಟಿಗೆಯೊಳಗೆ ತಾನೇ ನಡೆದುಹೋದಳು.

"ಬೇಡ..." ಎಂದೆ.

ಅವನು ಬಾಗಿಲನ್ನು ಕಾಲಿನಿಂದ ಒದ್ದು ಮುಚ್ಚಿದ. ಪೆಟ್ಟಿಗೆಯನ್ನು ತಲೆಯ ಮೇಲೆತ್ತಿ ಕುಸ್ತಿ ಗೆದ್ದವನ ಹಾಗೆ ಅಲ್ಲಾಡಿಸಿದ. "ಮೂರು ವಾರ ಅಂದ್ಲು! ನೋಡಿ, ಮೂರು ನಿಮಿಷ!" ಒಂದು ಸುತ್ತು ಮೇಜಿನ ಸುತ್ತ ಓಡಿದ. ಪೆಟ್ಟಿಗೆಯೊಳಗೆ ಏನೋ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಬಡಿಯುತ್ತಿತ್ತು. ಆ ಏನೋ ನನ್ನ ಉಕಿ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ಜಾಲರಿಯ ಸಂದಿಯಿಂದ ಉಚ್ಚೆ ಸೋರಿ ಭಾವನ ಹಬ್ಬದ ಅಂಗಿಯ ಮೇಲೆ ಬೀಳುವವರೆಗೆ.

"ಥೂ!" ಎಂದು ಪೆಟ್ಟಿಗೆಯನ್ನು ಧೊಪ್ಪನೆ ಇಳಿಸಿದ.

ಮಂಡಿಯೂರಿ ಜಾಲರಿಯೊಳಗೆ ನೋಡಿದೆ. ಬಾಯಿ ತೆರೆದಿತ್ತು, ನಾಲಿಗೆ ಹೊರಗಿತ್ತು, ಪಕ್ಕೆಗಳು ತಿದಿಯಂತೆ ಏರಿಳಿಯುತ್ತಿದ್ದವು. ನನ್ನ ಗಂಟಲವರೆಗೆ ಬಂದ ಕೂಗು ಎಂಥದ್ದೆಂದರೆ ಕೂಗಿದ್ದರೆ ಐದೂ ಅಂತಸ್ತು ಕೇಳುತ್ತಿತ್ತು. ಆದರೆ ನಾನು ಕೂಗಿದರೆ ಆ ಎದೆ ತಡೆಯುತ್ತಿರಲಿಲ್ಲ. ಬೈಗುಳಗಳನ್ನೆಲ್ಲ ಒಂದೊಂದಾಗಿ ನುಂಗಿದೆ. ಪೆಟ್ಟಿಗೆಯನ್ನು ಅಲುಗದಂತೆ ಬಚ್ಚಲುಮನೆಗೆ ಒಯ್ದು, ದೀಪ ಆರಿಸಿ, ಬಾಗಿಲು ತೆರೆದು, ಹಿಂದೆ ಸರಿದು ಬಂದೆ. ಅವಳು ಸ್ನಾನದ ತೊಟ್ಟಿಯ ಕೆಳಗೆ ಮಾಯವಾದಳು.

ಕೈ ತೊಳೆದೆ. ಚಹಾ ಸುರಿಯಲು ಬಂದೆ. ನಮ್ಮಲ್ಲಿ ಅತಿಥಿಗೆ ಬಟ್ಟಲಿನ ತಳದಲ್ಲಿ ನಾಲ್ಕು ಗುಟುಕು ಚಹಾ ಕೊಡುವುದೇ ಮರ್ಯಾದೆ. ಮತ್ತೆ ಮತ್ತೆ ಕೇಳಲಿ, ಮತ್ತೆ ಮತ್ತೆ ಕೊಡುತ್ತೇನೆ, ಕೂತಿರು ಎಂದು. ಎಲ್ಲರಿಗೂ ಹಾಗೆಯೇ ಸುರಿದೆ. ಭಾವನ ಬಟ್ಟಲನ್ನು ಅಂಚಿನವರೆಗೆ ತುಂಬಿದೆ. ಇನ್ನೊಂದು ಹನಿ ಹಾಕಿದರೆ ಚೆಲ್ಲುವಷ್ಟು. ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ, ಅವನ ಮುಂದಿಟ್ಟೆ.

ತುಂಬಿದ ಬಟ್ಟಲಿಗೆ ಒಂದೇ ಅರ್ಥ. ಕುಡಿ, ಎದ್ದು ಹೋಗು.

ಅತ್ತೆಯ ತಂಗಿ ಹಲ್ಲಿನ ನಡುವೆ ಕರಿದ ಹಿಟ್ಟಿನ ಬೋರ್ಸಕ್ಕಿನ ತುಂಡನ್ನು ಹಾಗೇ ಇಟ್ಟುಕೊಂಡು ಕೂತಿದ್ದಳು.

"ಕೆಲಿನ್ ಕೈ ತಪ್ಪಿರ್ಬೇಕು," ಎಂದ ಯಾರೋ ಮುದುಕ.

"ಇಲ್ಲ ತಾತ," ಎಂದೆ ಮೆತ್ತಗೆ. "ಕೈ ಸರಿಯಾಗೇ ಇದೆ."

ಭಾವ ಬಟ್ಟಲು ಮುಟ್ಟದೆ ಎದ್ದು ಹೋದ. ಅತ್ತೆ ಮುಖ ಸುಟ್ಟ ರೊಟ್ಟಿಯಂತೆ ಮಾಡಿಕೊಂಡು ಹೇಳಿದ್ದು ಇಷ್ಟೇ: "ಒಂದು ಬೆಕ್ಕಿಗೋಸ್ಕರ."

ಮರುದಿನ ಗಲೀನಾಳಿಗೆ ಫೋನು ಮಾಡಿದೆ. ಅವಳು ರಷ್ಯನ್ ಭಾಷೆಯಲ್ಲಿ ಭಾವನ ವಂಶದ ಬಗ್ಗೆ ಏನೇನೋ ಹೇಳಿದಳು, ನನಗೆ ತುಂಬ ಸಮಾಧಾನವಾಯಿತು. ಆಮೇಲೆ ಕೆಲಸದ ಮಾತು: "ಆ ಸದ್ದು ಹಾಳಾಯ್ತು. ಆ ಪೆಟ್ಟಿಗೇನೂ ಹಾಳಾಯ್ತು. ಎರಡನ್ನೂ ಕಣ್ಣಿಗೆ ಬೀಳದ ಹಾಗೆ ಇಡು. ನಾನು ಬೇರೆ ಪೆಟ್ಟಿಗೆ ಕೊಡ್ತೀನಿ. ಹೊಸ ಸದ್ದು ಹುಡುಕು, ಮೊದಲಿಂದ ಶುರುಮಾಡು. ಮೊದಲು ತಿನ್ನುತ್ತಾ ನೋಡು."

ತಿನ್ನುತ್ತಿರಲಿಲ್ಲ. ತೊಟ್ಟಿಯ ಕೆಳಗಿನಿಂದ ಎರಡು ದೀಪಗಳಂತೆ ಕಣ್ಣು ಕಾಣುತ್ತಿದ್ದವು, ಅಷ್ಟೇ. ನಾನು ಬಚ್ಚಲಿನ ಬಾಗಿಲಿಗೆ ಬಂದರೆ ಆ ದೀಪಗಳು ಇನ್ನೂ ಹಿಂದೆ ಸರಿಯುತ್ತಿದ್ದವು. "ಉಕಿ, ಬಾ" ಎನ್ನಲೇ ಇಲ್ಲ. ಕರೆದು ಅವಳು ಬರದಿದ್ದರೆ ಆ ಮಾತೂ ಸಾಯುತ್ತದೆಂದು ಹೆದರಿಕೆ. ಒಳಗೆ ಕುದಿಯುತ್ತ ಹೊರಗೆ ಮೆಲ್ಲಗೆ ನಡೆದರೆ ಮನುಷ್ಯರು ಮೋಸಹೋಗುತ್ತಾರೆ, ಬೆಕ್ಕು ಹೋಗುವುದಿಲ್ಲ. ನನ್ನ ಹೆಜ್ಜೆಯಲ್ಲಿ, ಉಸಿರಿನಲ್ಲಿ, ಚಮಚ ಇಡುವ ಸದ್ದಿನಲ್ಲಿ ಸಿಟ್ಟಿತ್ತು. ಅವಳು ಅದನ್ನು ಕೇಳುತ್ತಿದ್ದಳು. ಅದರ ಮೇಲೂ ನನಗೆ ಸಿಟ್ಟು ಬಂತು.

ಅದರ ಮರುದಿನ ಸಂಜೆ ಬಚ್ಚಲಿನಿಂದ ಸದ್ದು ಕೇಳಿ ಇಣುಕಿದೆ. ಅತ್ತೆ ನೆಲದ ಮೇಲೆ ಅಂಗಾತ ಮಲಗಿದ್ದರು. ಸೊಂಟನೋವಿನ ಅತ್ತೆ, ತಣ್ಣನೆಯ ಟೈಲ್ಸಿನ ಮೇಲೆ, ತಲೆಯ ಬಟ್ಟೆ ಜಾರಿ. ಒಂದು ಕೈಯನ್ನು ತೊಟ್ಟಿಯ ಕಡೆ ಚಾಚಿ ಅಂಗೈಯಲ್ಲಿ ಮಾಂಸವಿಟ್ಟುಕೊಂಡು ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಲೊಟಕ್ ಎನಿಸುತ್ತಿದ್ದರು. ಹುಡುಗಿಯಾಗಿದ್ದಾಗ ಕುದುರೆಮರಿಗಳನ್ನು ಹಾಗೆ ಕರೆಯುತ್ತಿದ್ದರಂತೆ. ಉಕಿ ಕತ್ತು ಚಾಚಿ ಅವರ ಅಂಗೈಯಿಂದ ತಿನ್ನುತ್ತಿದ್ದಳು.

ನಾನು ಎರಡು ದಿನದಿಂದ ಕಾದರೂ ಬಾರದವಳು, ಕೆಲಸ ಹೇಳದೆ ಊಟ ಹಾಕಿದವರ ಕೈಗೆ ಬಂದಿದ್ದಳು. ಹೊಟ್ಟೆ ಉರಿಯಿತು. ತಣ್ಣಗೂ ಆಯಿತು.

"ನಿಂತ್ಕೊಂಡು ನೋಡ್ಬೇಡ," ಎಂದರು ಅತ್ತೆ, ನನ್ನತ್ತ ತಿರುಗದೆ. ಎರಡು ದಿನದಲ್ಲಿ ಅವರಾಡಿದ ಮೊದಲ ಮಾತು. "ಹೇಳು. ಏನ್ಮಾಡ್ಬೇಕು?"

"ಆ ಸದ್ದು ಮಾಡಿದ ಕೂಡ್ಲೇ ಒಂದು ತುಂಡು. ಒಂದೇ. ಸದ್ದಿಲ್ದೆ ತುಂಡಿಲ್ಲ."

"ಹಸಿದ ಜೀವಕ್ಕೆ ಒಂದು ತುಂಡಾ? ನಿನ್ನ ತವರಲ್ಲಿ ಹೀಗೇನಾ ಬಡಿಸ್ತಿದ್ದಿದ್ದು?"

"ನನ್ನ ತವರಲ್ಲಿ ಯಾರೂ ಬೆಕ್ಕನ್ನ ತಲೆ ಮೇಲೆ ಎತ್ತಿ ಕುಣೀಲಿಲ್ಲ, ಅಪಾ."

ಅತ್ತೆ ಅಂಗೈಯಲ್ಲಿ ಒಂದನ್ನಷ್ಟೇ ಉಳಿಸಿ ಮಿಕ್ಕಿದ್ದನ್ನು ಬದಿಗಿಟ್ಟರು. ಆಮೇಲೆ ಲೊಟಕ್, ಒಂದು ತುಂಡು.

ಹಾಗೆ ಮತ್ತೆ ಶುರುವಾಯಿತು. ಹತ್ತು ದಿನ ಉಳಿದಿತ್ತು. ಗಲೀನಾ ಕೊಟ್ಟ ಹಳದಿ ಪೆಟ್ಟಿಗೆಯನ್ನು ಬೇರೆ ಬೆಕ್ಕುಗಳ ವಾಸನೆ ಹೋಗುವವರೆಗೆ ತೊಳೆದು, ಮುಚ್ಚಳ ಕಳಚಿ, ಅತ್ತೆಯ ಕೋಣೆಯಲ್ಲಿಟ್ಟು, ಅವರ ಹಳೆಯ ಶಾಲು ಹಾಸಿದೆ. ನಾನು ಬಾಗಿಲಲ್ಲಿ ಕೂತು ಹೇಳುವುದು, ಅವರು ಮಾಡುವುದು. ಇಬ್ಬರ ನಡುವೆ ಬೇರೆ ಮಾತಿರಲಿಲ್ಲ. ನನ್ನ ಸಿಟ್ಟು ನನ್ನ ಕಡೆ, ಅವರದು ಅವರ ಕಡೆ, ನಡುವೆ ಬೆಕ್ಕು.

"ಈಗ, ಈಗ! ಕಾಲಿಟ್ಲು!"

"ನಂಗೂ ಕಣ್ಣಿದೆ." ಲೊಟಕ್.

"ಅಪಾ, ಎರಡು ತುಂಡು ಕೊಟ್ರಿ."

"ಒಂದು ಅವಳಿಗೆ, ಇನ್ನೊಂದು ಅವಳ ಸಂಕಟಕ್ಕೆ."

ಅತ್ತೆ ತಪ್ಪು ಮಾಡುತ್ತಿದ್ದರು, ತಡವಾಗಿ ಸದ್ದು ಮಾಡುತ್ತಿದ್ದರು, ಪೆಟ್ಟಿಗೆಯಿಂದ ಹೊರಗೆ ಬಂದ ಮೇಲೆ ಕೊಡುತ್ತಿದ್ದರು. ಆಗ ಉಕಿ ಹೊರಗೆ ಬರುವುದನ್ನೇ ಕಲಿಯುತ್ತಿದ್ದಳು. ನಾನು ಹಲ್ಲು ಕಡಿದು ಮತ್ತೆ ಹೇಳುತ್ತಿದ್ದೆ. ಆದರೆ ಒಂದು ಮಾತು ಒಪ್ಪಬೇಕು. ಸದ್ದು ಮಾಡಿ ತುಂಡು ಕೊಡದೆ ಇದ್ದದ್ದು ಒಂದು ಸಲವೂ ಇಲ್ಲ. ಕೈ ಖಾಲಿ ಮಾಡುವುದು ಆ ಹೆಂಗಸಿಗೆ ಬರುತ್ತಲೇ ಇರಲಿಲ್ಲ.

ಐದನೇ ದಿನ ಮುಚ್ಚಳ ಹಾಕಿದೆವು. ಏಳನೇ ದಿನ ಬಾಗಿಲು. ಎಂಟನೇ ದಿನ ಅತ್ತೆ ಪೆಟ್ಟಿಗೆಯನ್ನು ಒಂದು ಗೇಣು ಎತ್ತಿ ಇಳಿಸಿದರು. ಉಕಿ ಒಳಗಿಂದ ನೋಡಿದಳು, ಬಾಯಿ ಮುಚ್ಚಿಯೇ ಇತ್ತು. ಒಂಬತ್ತನೇ ದಿನ ಮೆಟ್ಟಿಲಿನವರೆಗೆ ಹೋಗಿ ಬಂದೆವು. ಮೂರು ವಾರದ ಕೆಲಸ ಹತ್ತು ದಿನದಲ್ಲಿ. ಸಾಲುತ್ತದೋ ಇಲ್ಲವೋ ಯಾರೂ ಹೇಳುವಂತಿರಲಿಲ್ಲ.

ಏಪ್ರಿಲ್ ಮೂರು, ಬೆಳಿಗ್ಗೆ ಹತ್ತು. ಟ್ಯಾಕ್ಸಿಗೆ ಹೇಳಿದ್ದೆ. ಪೆಟ್ಟಿಗೆ ಅತ್ತೆಯ ಕೋಣೆಯಲ್ಲಿ ಎಂದಿನ ಜಾಗದಲ್ಲಿ, ಬಾಗಿಲು ತೆರೆದು. ಅತ್ತೆ ನೆಲದ ಮೇಲೆ ಕೂತರು. ಉಕಿ ಮಂಚದ ಮೇಲಿಂದ ಇಳಿದು, ಮೈ ಮುರಿದು, ಪೆಟ್ಟಿಗೆಯ ಕಡೆ ಎರಡು ಹೆಜ್ಜೆ ಇಟ್ಟಳು.

ಮುಂಬಾಗಿಲ ಬೀಗದಲ್ಲಿ ಕೀಲಿ ತಿರುಗಿತು.

"ಅಪಾ! ಗಾಡಿ ತಂದಿದ್ದೀನಿ. ಎಲ್ಲಿದೆ ಆ ಮಹಾರಾಣಿ?"

ಭಾವನ ದನಿ. ಉಕಿಯ ಕಿವಿಗಳು ತಲೆಗೆ ಅಂಟಿದವು, ಹೊಟ್ಟೆ ನೆಲಕ್ಕೆ. ಇನ್ನೊಂದು ಹೆಜ್ಜೆ ಅವನು ಒಳಗಿಟ್ಟರೆ ಉಕಿ ತೊಟ್ಟಿಯ ಕೆಳಗೆ, ಮತ್ತೆ ಕಲಿಸಲು ಇನ್ನೆರಡು ತಿಂಗಳು. ನಾನು ಏಳಲು ಹೋದೆ. ಅಂದು ನುಂಗಿದ್ದೆಲ್ಲ ಒಟ್ಟಿಗೆ ಗಂಟಲಿಗೆ ಬಂತು.

ಅತ್ತೆ ನನ್ನ ತೊಡೆಯ ಮೇಲೆ ಕೈಯಿಟ್ಟು ಅದುಮಿದರು. ಗೋಡೆಯತ್ತ ಮುಖ ಮಾಡಿ, ಮಗುವನ್ನು ಮಲಗಿಸುವ ದನಿಯಲ್ಲಿ, ಒಂದೊಂದೇ ಪದವಾಗಿ ಹೇಳಿದರು: "ಸಯಾತ್. ಒಳಗೆ ಬರ್ಬೇಡ. ಬಾಯಿ ಮುಚ್ಕೊಂಡು ಕೆಳಗೆ ಹೋಗಿ ನಿಲ್ಲು."

"ಅಲ್ಲ ಅಪಾ, ನಾನು ಸಹಾಯ..."

"ನಿನ್ನ ಸಹಾಯ ನೋಡಿದೀನಿ. ಹನ್ನೊಂದು ಜನರ ಮುಂದೆ ನೋಡಿದೀನಿ. ನಾನು ಹೆತ್ತಿದ್ದು ಅಂತ ಅವತ್ತು ನಾಚ್ಕೊಂಡಿದ್ದು ಇನ್ನೂ ಮುಗಿದಿಲ್ಲ. ಹೋಗು."

ಎಲ್ಲ ಅದೇ ಮೆತ್ತನೆಯ ದನಿಯಲ್ಲಿ. ಬಾಗಿಲು ಹಾಕಿಕೊಂಡಿತು. ಹೆಜ್ಜೆಗಳು ಇಳಿದವು.

ನಾವಿಬ್ಬರೂ ಅಲುಗಲಿಲ್ಲ. ಉಕಿ ನೆಲಕ್ಕೆ ಅಂಟಿಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ಗಡಿಯಾರ ಹತ್ತೂಕಾಲು ತೋರಿಸಿತು. ಕೆಳಗೆ ಟ್ಯಾಕ್ಸಿಯವನು ಹಾರ್ನ್ ಹೊಡೆದ, ಫೋನು ಮಾಡಿದ, ಸಿಟ್ಟಾಗಿ ಹೋಗಿಬಿಟ್ಟ. ಹತ್ತೂ ಇಪ್ಪತ್ತು. ಅತ್ತೆ ಕರೆಯಲಿಲ್ಲ, ತುಂಡು ತೋರಿಸಲೂ ಇಲ್ಲ. ಸುಮ್ಮನೆ ಉಸಿರಾಡುತ್ತಿದ್ದರು. ನಾನೂ ಅವರ ಲೆಕ್ಕಕ್ಕೆ ಉಸಿರಾಡಲು ನೋಡಿದೆ; ಬಂತು, ಕಷ್ಟಪಟ್ಟು ಬಂತು.

ಉಕಿ ಎದ್ದಳು. ಪೆಟ್ಟಿಗೆಯ ಅಂಚನ್ನು ಮೂಸಿದಳು. ಮುಂಗಾಲು. ಲೊಟಕ್. ತುಂಡು. ಇನ್ನೊಂದು ಕಾಲು. ಲೊಟಕ್. ಬಾಲ ಒಳಗೆ ಹೋಯಿತು, ಶಾಲಿನ ಮೇಲೆ ಒಂದು ಸುತ್ತು ತಿರುಗಿದಳು, ಕೂತಳು. ಯಾರೂ ಕೂತ್ಕೋ ಎಂದಿರಲಿಲ್ಲ. ಅತ್ತೆ ಬಾಗಿಲು ಸೇರಿಸಿ ಚಿಲಕ ಹಾಕಿದರು. ಜಾಲರಿಯೊಳಗೆ ಒಂದು, ಎರಡು, ಮೂರು ತುಂಡು ಹಾಕಿದರು. ನಾನು ಎಣಿಸಲಿಲ್ಲ ಎಂದುಕೊಳ್ಳಿ.

ಟ್ಯಾಕ್ಸಿ ಹೋಗಿದ್ದರಿಂದ ಭಾವನ ಗಾಡಿಯಲ್ಲೇ ಹೋಗಬೇಕಾಯಿತು. ಹಿಂದಿನ ಸೀಟಿನಲ್ಲಿ ನಾನು, ಅತ್ತೆ, ನಡುವೆ ಹಳದಿ ಪೆಟ್ಟಿಗೆ, ಮೇಲೆ ಬಟ್ಟೆ ಮುಚ್ಚಿ. ಅವನು ಕನ್ನಡಿಯಲ್ಲಿ ನೋಡಿ ಬಾಯಿ ತೆರೆದ. ಅತ್ತೆ ಕನ್ನಡಿಯಲ್ಲೇ ಅವನನ್ನು ನೋಡಿದರು. ಬಾಯಿ ಮುಚ್ಚಿತು. ಆಸ್ಪತ್ರೆಯವರೆಗೆ ಗಾಡಿಯನ್ನು ಮೊಟ್ಟೆ ತುಂಬಿದ ಬಂಡಿಯ ಹಾಗೆ ಓಡಿಸಿದ.

ಅಲ್ಮಾಟಿಯ ಡಾಕ್ಟರು ಉಕಿಯನ್ನು ಹೊರಗೆಳೆಯಲಿಲ್ಲ. ಮುಚ್ಚಳವನ್ನಷ್ಟೇ ಕಳಚಿ, ಅವಳು ಶಾಲಿನ ಮೇಲೆ ಇದ್ದ ಹಾಗೇ ಪಕ್ಕೆಗೆ ಯಂತ್ರ ಹಿಡಿದರು. ಅತ್ತೆ ತಲೆಯ ಬಳಿ ನಿಂತು ತುಂಡು ಕೊಡುತ್ತಿದ್ದರು. ಪರದೆಯ ಮೇಲೆ ಬೂದು ಬಣ್ಣದ ಚಿಕ್ಕ ಮುಷ್ಟಿಯೊಂದು ಬಿಗಿದು ಸಡಿಲಾಗುತ್ತಿತ್ತು.

"ಗೋಡೆ ದಪ್ಪ ಆಗಿದೆ," ಎಂದರು ಡಾಕ್ಟರು. "ಜಾಸ್ತಿ ಏನಲ್ಲ. ಈಗ್ಲೇ ಗೊತ್ತಾಗಿದ್ದು ಒಳ್ಳೇದಾಯ್ತು. ಆರು ತಿಂಗಳಿಗೊಮ್ಮೆ ನೋಡ್ಬೇಕು. ಮನೇಲಿ ಮಲಗಿದ್ದಾಗ ಉಸಿರು ಎಣಿಸಿ ಬರೆದಿಡಿ. ಯಾರು ಕಲಿಸಿದ್ದು ಇವಳಿಗೆ ಇಷ್ಟು ಚೆನ್ನಾಗಿ?"

ಬಾಗಿಲ ಬಳಿ ನಿಂತಿದ್ದ ಭಾವ ಗಂಟಲು ಸರಿಮಾಡಿಕೊಂಡ. "ನಮ್ಮ ಮನೆತನದಲ್ಲಿ ಹಿಂದಿನಿಂದಲೂ..."

"ಸಯಾತ್," ಎಂದೆ.

ಬಾಯಿಂದ ಬಂದೇಬಿಟ್ಟಿತು, ಜೋರಾಗಿಯೂ ಅಲ್ಲ. ಅವನು ಕಪಾಳಕ್ಕೆ ಹೊಡೆಸಿಕೊಂಡವನಂತೆ ನಿಂತ. ಗಂಡನ ಅಣ್ಣನ ಹೆಸರು, ಅತ್ತೆಯ ಎದುರು, ಪರರ ಎದುರು. ಅತ್ತೆಯ ಕಡೆ ನೋಡಿದೆ. ಬೈದರೆ ಬೈಸಿಕೊಳ್ಳಲು ತಯಾರಾಗಿದ್ದೆ, ತಿರುಗಿ ಬೈಯಲೂ ತಯಾರಾಗಿದ್ದೆ.

ಅತ್ತೆ ಉಕಿಗೆ ಇನ್ನೊಂದು ತುಂಡು ಕೊಟ್ಟರು. "ಮೆತ್ತಗೆ ಮಾತಾಡು," ಎಂದರು ನನಗೆ. "ಅವಳು ಹೆದರ್ತಾಳೆ."